ನಾವು ಎಂದರೆ ಎಷ್ಟು ಜನ

ಲಂಡನ್ನಿನಲ್ಲಿ ನಿವೃತ್ತರಾದ ನಮ್ಮ ಕಡೆಯ ಡಾಕ್ಟರುಗಳಿಗೆ ಎರಡು ಕಾಯಿಲೆಗಳು ಬರುತ್ತವೆ. ಒಂದು, ಕೌನ್ಸಿಲ್ಲಿನಿಂದ ಬಾಡಿಗೆಗೆ ತುಂಡು ನೆಲ ಹಿಡಿದು ಮೆಂತ್ಯ ಬೆಳೆಯುವುದು. ಇನ್ನೊಂದು, ಆತ್ಮಕಥೆ. ನಮ್ಮ ಯಜಮಾನರಿಗೆ ಮಣ್ಣು ಮುಟ್ಟಿದರೆ ಸೀನು ಬರುತ್ತದೆ, ಹಾಗಾಗಿ ಎರಡನೆಯದು ಅಂಟಿಕೊಂಡಿತು. ಎಜ್‌ವೇರಿನ ನಮ್ಮ ಮನೆಯ ಊಟದ ಟೇಬಲ್ಲನ್ನು ಅವರು ಆಕ್ರಮಿಸಿಕೊಂಡರು. ಮೂರು ಚಳಿಗಾಲ ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆ.

ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಧಾರವಾಡದ ಸಂಕೋಚ ಇಂಗ್ಲಿಷಿನಲ್ಲೂ ಬಿಡಬೇಕಲ್ಲ. ನಾನು ನಾನು ಎಂದು ಬರೆದರೆ ಮಂದಿ ಅಹಂಕಾರ ಅಂದಾರು ಎಂದು, ಪುಸ್ತಕದುದ್ದಕ್ಕೂ ನಾವು ಎಂದೇ ಬರೆದರು. ನಾವು ಎಫ್‌ಆರ್‌ಸಿಎಸ್ ಪಾಸಾದೆವು. ನಾವು ಕರುಳಿನ ಆಪರೇಷನ್ ಮಾಡಿದೆವು. ನಮಗೆ ಹರ್ನಿಯಾ ಆಯಿತು. ಆ ವರ್ಷ ಚಳಿ ಬಹಳವಿತ್ತು, ನಾವು ಗಡ್ಡ ಬಿಟ್ಟೆವು. ಸಣ್ಣ ಪ್ರಕಾಶನವೊಂದರಲ್ಲಿ ಈ ಪುಸ್ತಕ ತಿದ್ದಿದ ಇಂಗ್ಲಿಷ್ ಹುಡುಗಿ ಗಡ್ಡದ ಹತ್ತಿರ ನಿಂತು ಅನುಮಾನ ಕೇಳಿದಳಂತೆ. ಇದು ನಮ್ಮ ಸಂಸ್ಕೃತಿ ಎಂದು ಇವರು ಉತ್ತರ ಬರೆದರು. ಈ ದೇಶದಲ್ಲಿ ಆ ಒಂದು ಮಾತು ಹೇಳಿದರೆ ಸಾಕು, ಎಂಥವರೂ ಪೆನ್ನು ಕೆಳಗಿಡುತ್ತಾರೆ. ಅವಳೂ ಇಟ್ಟಳು.

ಪುಸ್ತಕದ ನಡುವೆ ಒಂದು ಸಾಲಿತ್ತು. ಬಹಳ ಯೋಚಿಸಿ ನಾವು ಇಂಗ್ಲೆಂಡಿನಲ್ಲೇ ನೆಲೆಸುವುದೆಂದು ನಿರ್ಧರಿಸಿದೆವು, ನನ್ನ ಹೆಂಡತಿ ಕಾಲೇಜಿನ ನೌಕರಿ ಬಿಟ್ಟಳು ಎಂದು. ಇಡೀ ಪುಸ್ತಕದಲ್ಲಿ ನನ್ನ ಬಗ್ಗೆ ಇದ್ದ ಮಾತುಗಳಲ್ಲಿ ಮುಖ್ಯವಾದದ್ದು ಇದೇ. ಉಳಿದ ಕಡೆ ನಾನು ಉಪ್ಪಿಟ್ಟು ಮಾಡುತ್ತೇನೆ.

ಆ ಕಾಲೇಜಿನ ನೌಕರಿಯ ವಿಷಯ ಹೇಳಿಬಿಡುತ್ತೇನೆ. ಧಾರವಾಡದ ಒಂದು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತಿದ್ದೆ. ರಜೆ ಹಾಕಿ ಇವರ ಜೊತೆ ಬಂದವಳು. ರಜೆ ಮುಗಿಯುವ ಹೊತ್ತಿಗೆ ಮಗಳನ್ನು ಕರೆದುಕೊಂಡು ವಾಪಸು ಹೋಗುವುದು, ಇವರು ಪರೀಕ್ಷೆ ಮುಗಿಸಿ ಹಿಂದೆ ಬರುವುದು ಎಂದು ಮಾತಾಗಿತ್ತು. ಆಗ ನಾವು ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದೆವು, ಫೋನು ಕೆಳಗಿನ ಹಾಲಿನಲ್ಲಿ. ಪ್ರತಿ ರವಿವಾರ ಇವರು ತಮ್ಮ ಅಣ್ಣನಿಗೆ ಫೋನ್ ಮಾಡುತ್ತಿದ್ದರು. ಒಂದು ರವಿವಾರ ನಾನು ಮೇಲೆ ಮಗಳ ತಲೆ ಬಾಚುತ್ತಿದ್ದೆ. ಇವರು ಮೆಟ್ಟಿಲು ಹತ್ತಿ ಬಂದು, "ಅಣ್ಣನ ಕೂಡ ಮಾತಾಡಿದೆ. ಎಲ್ಲಾ ಠರಾವ್ ಆತು. ನಾವು ಇಲ್ಲೇ ಇರೂದು," ಎಂದರು. ನಾನು ಹಣಿಗೆ ಹಿಡಿದುಕೊಂಡು ಕೇಳಿಸಿಕೊಂಡೆ. ರಾಜೀನಾಮೆಯ ಕಾಗದಕ್ಕೆ ಸಹಿಯನ್ನೂ ಹಾಕಿದೆ. ಭಾವನವರು ಒಂದು ಮಾತು ಆಡಿದರೆ ಅದಕ್ಕೆ ಎರಡನೆಯ ಮಾತಿರಲಿಲ್ಲ ಆ ಮನೆಯಲ್ಲಿ. ಮುಂದೆ ನಾನು ಇಲ್ಲಿನ ಒಂದು ಶಾಲೆಯ ಲ್ಯಾಬಿನಲ್ಲಿ, ನಾನು ಕಲಿಸಬಹುದಾಗಿದ್ದ ಪಾಠಕ್ಕೆ ಬೇರೆಯವರು ಬಳಸಿದ ಟೆಸ್ಟ್ ಟ್ಯೂಬುಗಳನ್ನು ತೊಳೆದು ನಿವೃತ್ತಳಾದೆ.

ಪುಸ್ತಕದ ಬಿಡುಗಡೆ ಕಿಂಗ್ಸ್‌ಬರಿಯ ಒಂದು ಹಾಲಿನಲ್ಲಿ ನಡೆಯಿತು. ಶಾಲು, ಹಾರ, ಕೇಸರಿಬಾತು. ಒಬ್ಬ ಮೈಸೂರಿನ ಡಾಕ್ಟರು ಎದ್ದು, ಇನ್ನೂರು ಪುಟದಲ್ಲಿ ಒಂದೇ ಒಂದು ನಾನು ಇಲ್ಲ, ಎಂಥ ವಿನಯ ಎಂದು ಕಣ್ಣೊರೆಸಿಕೊಂಡರು. ನನ್ನ ಅಭಿಪ್ರಾಯದಲ್ಲಿ ಅವರು ಪುಸ್ತಕ ಓದಿರಲಿಲ್ಲ, ಸರ್ವನಾಮಗಳನ್ನು ಮಾತ್ರ ನೋಡಿದ್ದರು. ಬೆಂಗಳೂರಿನ ಒಬ್ಬ ಐಟಿ ಹುಡುಗನ ಹೆಂಡತಿ ಆ ಸಾಲನ್ನೇ ಮೈಕಿನಲ್ಲಿ ಓದಿ, ನೋಡಿ ಆಂಟಿ ಅಂಕಲ್ ಇಬ್ಬರೂ ಕೂತು ಎಷ್ಟು ಚೆನ್ನಾಗಿ ಡಿಸೈಡ್ ಮಾಡಿದ್ದಾರೆ ಎಂದಳು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಏನು ಮಾಡಲಿ? ಅದು ಸುಳ್ಳು ಎಂದು ಎದ್ದು ಹೇಳಲು ಆ ಸಾಲಿನಲ್ಲಿ ಹಿಡಿಯುವುದಕ್ಕೆ ಏನೂ ಇರಲಿಲ್ಲ. ನಾವು ಎಂದಿದ್ದಾರೆ. ಅದರಲ್ಲಿ ನೀನಿದ್ದೀ ಎಂದು ಯಾರು ಹೇಳಿದರು ಎಂದರೆ ಮುಗಿಯಿತು.

ಹೀಗಿರುವಾಗ ಸ್ಲೊವೇನಿಯಾದಿಂದ ಪತ್ರ ಬಂತು. ಇವರ ಜೊತೆ ಕೆಲಸ ಮಾಡುತ್ತಿದ್ದ ಅರಿವಳಿಕೆ ಡಾಕ್ಟರೊಬ್ಬರು ತಮ್ಮ ದೇಶಕ್ಕೆ ಮರಳಿ, ಅಲ್ಲಿನ ಪ್ರಕಾಶಕರಿಗೆ ಈ ಪುಸ್ತಕ ತೋರಿಸಿದ್ದರಂತೆ. ಅವರಿಗೆ ವೈದ್ಯರ ನೆನಪುಗಳ ಒಂದು ಮಾಲೆ ತರಬೇಕಿತ್ತಂತೆ. ಇವರ ಕಾಲು ಒಂದು ವಾರ ನೆಲದ ಮೇಲೆ ನಿಲ್ಲಲಿಲ್ಲ. ಮಗಳಿಗೆ ಫೋನ್ ಮಾಡಿ ಕನ್ನಡದಲ್ಲಿ ಸಂಭ್ರಮ ಹೇಳಿಕೊಂಡರು. ಅವಳು, ನೈಸ್, ವೆಲ್ ಡನ್ ಅಪ್ಪ ಎಂದು ಇಂಗ್ಲಿಷಿನಲ್ಲಿ ಮುಗಿಸಿದಳು. ಅವಳಿಗೆ ಸ್ಲೊವೇನಿಯಾ ಬೇರೆ, ಸ್ಲೊವಾಕಿಯಾ ಬೇರೆ ಎಂಬುದಾದರೂ ಗೊತ್ತಿತ್ತು. ಇವರು ಅಟ್ಲಾಸ್ ತೆಗೆದರು.

ಅನುವಾದ ಮಾಡುವಾಕೆ ಇಲ್ಲೇ ಟೂಟಿಂಗಿನಲ್ಲಿದ್ದಳು. ನಲವತ್ತೈದರ ಆಸುಪಾಸಿನ ಸ್ಲೊವೇನಿಯನ್ ಹೆಂಗಸು. ಮೊದಲು ಈಮೇಲಿನಲ್ಲಿ ಪ್ರಶ್ನೆ ಕಳಿಸಿದಳು. ಈ ಪುಟದ ನಾವು ಎಂದರೆ ಎಷ್ಟು ಜನ? ಮುಂದಿನ ಪುಟದ ನಾವು ಎಂದರೆ? ಇವರು ಎಲ್ಲಕ್ಕೂ, ನಿಮಗೆ ಸರಿ ಕಂಡಂತೆ ಮಾಡಿ ಎಂದು ಉದಾರವಾಗಿ ಉತ್ತರಿಸಿದರು. ಮತ್ತೆ ಪ್ರಶ್ನೆ, ಮತ್ತೆ ಔದಾರ್ಯ. ಕೊನೆಗೆ ಆಕೆ, ಕೂತು ಮಾತಾಡದೆ ಇದು ಮುಗಿಯುವುದಿಲ್ಲ ಎಂದು ಬರೆದು, ಒಂದು ಶನಿವಾರ ನಾರ್ದರ್ನ್ ಲೈನಿನ ರೈಲು ಹಿಡಿದು ಆ ತುದಿಯಿಂದ ಈ ತುದಿಗೆ ಬಂದಳು. ಬಾಗಿಲಲ್ಲೇ ಶೂ ಬಿಚ್ಚಿದಳು, ಅಷ್ಟರ ಮಟ್ಟಿಗೆ ಒಳ್ಳೆಯವಳು. ಚಕ್ಕುಲಿ ಇಟ್ಟರೆ ಬೇಡ, ಟೂಟಿಂಗಿನಲ್ಲಿ ಬೇಕಾದಷ್ಟು ಸಿಗುತ್ತದೆ ಎಂದಳು. ನನಗೆ ಸಿಟ್ಟು ಬಂತು. ಟೂಟಿಂಗಿನ ಅಂಗಡಿಯ ಚಕ್ಕುಲಿಯೂ ನನ್ನ ಚಕ್ಕುಲಿಯೂ ಒಂದೇನು?

ಅವಳು ಲ್ಯಾಪ್‌ಟಾಪ್ ತೆರೆದು ಇವರಿಗೆ ಪಾಠ ಮಾಡಿದಳು. ಅವರ ಭಾಷೆಯಲ್ಲಿ ಒಂದಕ್ಕೆ ಒಂದು ರೂಪ, ಎರಡಕ್ಕೆ ಬೇರೆ, ಮೂರರಿಂದಾಚೆಗೆ ಬೇರೆ. ಸರ್ವನಾಮ ಬಿಟ್ಟರೂ ಕ್ರಿಯಾಪದವೇ ಬಾಯಿ ಬಿಡುತ್ತದೆ. ನಾನು ಕೆಲಸ ಮಾಡುತ್ತೇನೆ ಎಂದರೆ ಡೇಲಮ್. ನಾವಿಬ್ಬರು ಎಂದರೆ ಡೇಲವ. ಮೂರು ಮಂದಿಯೋ ಮುನ್ನೂರು ಮಂದಿಯೋ ಆದರೆ ಡೇಲಮೊ. ನಮ್ಮ ಮನೆ ಎನ್ನುವಾಗಲೂ ಹಾಗೇ. ಇಬ್ಬರ ಮನೆಯಾದರೆ ಒಂದು ನಮ್ಮ, ಹೆಚ್ಚಿನವರದಾದರೆ ಇನ್ನೊಂದು ನಮ್ಮ. ಇಂಗ್ಲಿಷಿನವರು ಇದನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ಕಟ್ಟಿಬಿಡುತ್ತಾರೆ, ತನಗೆ ಚೀಲ ಬಿಚ್ಚದೆ ಒಂದು ಸಾಲೂ ಬರೆಯಲಾಗುವುದಿಲ್ಲ ಎಂದಳು.

ಇವರ ಮುಖ ಅರಳಿತು. ಇದು ನಮ್ಮ ಸಂಸ್ಕೃತದ ದ್ವಿವಚನ ಎಂದು ಕುರ್ಚಿಯಲ್ಲಿ ಮುಂದೆ ಸರಿದು, ರಾಮಃ ರಾಮೌ ರಾಮಾಃ ಎಂದು ರಾಗವಾಗಿ ಹೇಳಿದರು. ಮೆಟ್ರಿಕ್ಕಿನಲ್ಲಿ ಮಾರ್ಕಿಗಾಗಿ ಬಾಯಿಪಾಠ ಮಾಡಿದ್ದು ಇಷ್ಟೇ, ಇದರ ಮುಂದೆ ಇವರಿಗೆ ಒಂದು ಅಕ್ಷರವೂ ಬರುವುದಿಲ್ಲ. ಆಕೆ ಗೌರವದಿಂದ ಕಾಯ್ದಳು. ಇವರು ಅಲ್ಲಿಗೆ ನಿಲ್ಲಿಸದೆ, ಹಾಗಾದರೆ ಕೈ ಕಣ್ಣು ಇವೆಲ್ಲ ಎರಡರ ರೂಪದಲ್ಲೇ ಬರಬೇಕು ಎಂದು ಅವಳ ಭಾಷೆಯನ್ನು ಅವಳಿಗೇ ಕಲಿಸಹೋದರು. ಇಲ್ಲ ಎಂದಳು ಆಕೆ. ಕೈ, ಕಣ್ಣು, ಕಾಲು ಹುಟ್ಟಿನಿಂದಲೇ ಜೋಡಿ, ಅವಕ್ಕೆ ಸಾಮಾನ್ಯವಾಗಿ ಬಹುವಚನವನ್ನೇ ಹೇಳುತ್ತಾರೆ. ಅಪ್ಪ ಅಮ್ಮಂದಿರಿಗೂ ಅಷ್ಟೆ. ಎರಡೂ ಕೈ ಎಂದು ಒತ್ತಿ ಹೇಳುವಾಗ ಮಾತ್ರ ಎರಡರ ರೂಪ. ಡಾಕ್ಟರಾಗಿ ಜೀವಮಾನವಿಡೀ ಕೈಕಾಲು ನೋಡಿದವರು ಪೆಚ್ಚಾದರು. ನನಗೆ ಆ ನಿಯಮ ಹಿಡಿಸಿತು. ಒಂದೇ ಮೈಗೆ ಅಂಟಿಕೊಂಡದ್ದನ್ನು ಏಕೆ ಎಣಿಸಬೇಕು? ಎಲ್ಲಿಂದಲೋ ಬಂದು ಸೇರಿದ ಇಬ್ಬರನ್ನೇ ಆಗಾಗ ಎಣಿಸಿ ನೋಡಬೇಕಾಗುತ್ತದೆ.

ಆಮೇಲೆ ಎಣಿಕೆ ಶುರುವಾಯಿತು. ನಾವು ಎಫ್‌ಆರ್‌ಸಿಎಸ್ ಪಾಸಾದೆವು. ಎಷ್ಟು ಜನ? ಒಬ್ಬ, ನಾನು ಎಂದರು ಇವರು, ತಗ್ಗಿದ ದನಿಯಲ್ಲಿ. ಆಪರೇಷನ್? ತಂಡದ ಐದಾರು ಮಂದಿ. ಹರ್ನಿಯಾ? ಒಬ್ಬ. ಗಡ್ಡಕ್ಕೆ ಬಂದಾಗ ಆಕೆ ನನ್ನ ಕಡೆ ಒಮ್ಮೆ ನೋಡಿ, ಹಿಂದಿನ ವಾಕ್ಯದಲ್ಲಿ ನೀವಿಬ್ಬರು ಪಾರ್ಕಿನಲ್ಲಿ ನಡೆಯುತ್ತಿದ್ದೀರಿ, ಅದೇ ರೂಪ ಮುಂದುವರಿಸಿದರೆ ನಿಮಗೂ ಗಡ್ಡ ಬರುತ್ತದೆ ಎಂದಳು. ಒಂದು ಗೆರೆಯೂ ಅಲುಗದ ಮುಖ. ನಾನು ಅಡುಗೆ ಮನೆಗೆ ಹೋಗಿ ನಕ್ಕು ಬಂದೆ. ಚಕ್ಕುಲಿಯ ಸಿಟ್ಟು ಅಲ್ಲಿಗೆ ಇಳಿಯಿತು.

ಇವರ ವಿನಯ ಒಂದೊಂದೇ ಪುಟದಲ್ಲಿ ಕಳಚಿ ಬೀಳುವುದನ್ನು ನಾನು ಎದುರಿಗೆ ಕೂತು ನೋಡಿದೆ. ನಾವು ಎಂದು ಬರೆದಲ್ಲೆಲ್ಲ ಕೆದಕಿದರೆ ಒಳಗೆ ಇವರೊಬ್ಬರೇ ಕೂತಿದ್ದರು. ಬಹುಮಾನ ತೆಗೆದುಕೊಂಡವರು ಇವರು, ಮೇಲಿನ ಡಾಕ್ಟರಿಗೆ ಎದುರುತ್ತರ ಕೊಟ್ಟವರು ಇವರು. ಇಬ್ಬರು ಎಂದು ಇವರು ಹೇಳಿದ ಕಡೆಗಳಲ್ಲಿ ಆಕೆ ನನ್ನ ಮುಖ ನೋಡುತ್ತಿದ್ದಳು, ನಾನು ಹೌದೆಂದು ತಲೆಯಾಡಿಸಿದ ಮೇಲೆಯೇ ಟೈಪ್ ಮಾಡುತ್ತಿದ್ದಳು. ಹೀಥ್ರೋದಲ್ಲಿ ಇಳಿದದ್ದು ಮಗಳೂ ಸೇರಿ ಮೂವರು. ಬಸ್ಸು ತಪ್ಪಿ ಮಳೆಯಲ್ಲಿ ನಿಂತದ್ದು ಇಬ್ಬರು. ನಮ್ಮ ಮಗಳು ಎಂದಲ್ಲಿ ಇಬ್ಬರ ನಮ್ಮ. ಅಷ್ಟು ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು, ನನಗೂ ಈ ಲೆಕ್ಕದಲ್ಲಿ ಒಂದು ಬಗೆಯ ರುಚಿ ಹತ್ತಿತ್ತು.

ಆಗ ಆ ಸಾಲು ಬಂತು. ಬರುತ್ತದೆಂದು ನನಗೆ ಗೊತ್ತಿತ್ತು.

"ಇಂಗ್ಲೆಂಡಿನಲ್ಲೇ ನೆಲೆಸುವುದೆಂದು ನಾವು ನಿರ್ಧರಿಸಿದೆವು," ಎಂದು ಆಕೆ ಓದಿದಳು. "ಇಲ್ಲಿ?"

"ಇಬ್ಬರು," ಎಂದರು ಇವರು.

ಆಕೆ ನನ್ನ ಕಡೆ ನೋಡಿದಳು.

"ಇಬ್ಬರು ಹೌದು," ಎಂದೆ ನಾನು ಇಂಗ್ಲಿಷಿನಲ್ಲಿ. "ಆದರೆ ನಾನಲ್ಲ."

ಇವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಏನು ಮಾತಾಡ್ತೀ ಎಂದು ಕನ್ನಡದಲ್ಲಿ ಗದರಿಸಿದರು. ನಾನು ಅವರ ಕಡೆ ತಿರುಗಲಿಲ್ಲ. ಆ ಇಬ್ಬರು ಇವರೂ ಇವರ ಅಣ್ಣನೂ, ಫೋನಿನಲ್ಲಿ ನಿರ್ಧಾರವಾದದ್ದು, ನಾನು ಆಗ ಮೇಲಿನ ಮನೆಯಲ್ಲಿದ್ದೆ ಎಂದು ಆಕೆಗೆ ಬಿಡಿಸಿ ಹೇಳಿದೆ. ಇಷ್ಟು ವರ್ಷ ಬಾಯಿಗೆ ಬಾರದ್ದು ಎರಡು ವಾಕ್ಯದಲ್ಲಿ ಮುಗಿದುಹೋಯಿತು. ನನಗೇ ಆಶ್ಚರ್ಯ.

ಆಕೆ ಮರುಕ ತೋರಿಸಲಿಲ್ಲ, ಅದೇ ನನಗೆ ಅವಳಲ್ಲಿ ಇಷ್ಟವಾದದ್ದು. ತನ್ನ ತೊಂದರೆಯನ್ನಷ್ಟೇ ಹೇಳಿದಳು. ಇಬ್ಬರು ಗಂಡಸರಾದರೂ, ಒಂದು ಗಂಡು ಒಂದು ಹೆಣ್ಣಾದರೂ ಅವರ ಭಾಷೆಯಲ್ಲಿ ನಿರ್ಧರಿಸಿದೆವು ಎನ್ನುವ ರೂಪ ಒಂದೇ. ಇಬ್ಬರೂ ಹೆಂಗಸರಾದರೆ ಮಾತ್ರ ಬೇರೆ. ಸುತ್ತಲಿನ ಸಾಲುಗಳಲ್ಲಿ ಗಂಡ ಹೆಂಡತಿ ಬಿಟ್ಟರೆ ಮತ್ತಾರೂ ಇಲ್ಲ. ಆ ರೂಪವನ್ನು ಹಾಗೇ ಬರೆದರೆ ಓದಿದ ಪ್ರತಿಯೊಬ್ಬರೂ ನಿರ್ಧರಿಸಿದವರು ಇವರಿಬ್ಬರೇ ಎಂದು ತಿಳಿಯುತ್ತಾರೆ, ಇಂಗ್ಲಿಷಿನಲ್ಲಿ ಇರುವಷ್ಟು ಅನುಮಾನವೂ ಉಳಿಯುವುದಿಲ್ಲ.

"ಹಾಗಾದರೆ ಬಹುವಚನ ಹಾಕಿ," ಎಂದರು ಇವರು. ಕುಟುಂಬದ ನಿರ್ಧಾರ ಎಂದು ಇರಲಿ, ಅದರಲ್ಲಿ ತಪ್ಪೇನಿಲ್ಲ.

ಬಹುವಚನವೆಂದರೆ ಮೂವರಾದರೂ ಇರಬೇಕು ಎಂದಳು ಆಕೆ.

"ಮೂರನೇದವರು ಯಾರ್ರೀ?" ಎಂದು ನಾನು ಕೇಳಿದೆ. ಆಗ ಮಗಳಿಗೆ ನಾಲ್ಕು ವರ್ಷ. ಅವಳನ್ನು ಕೇಳಿದ್ದರೇನೋ, ನನಗೆ ಗೊತ್ತಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ರಕ್ತ ಚಿಮ್ಮಿದರೂ ಕೈ ನಡುಗದ ಮನುಷ್ಯ ಕನ್ನಡಕದ ಕಡ್ಡಿ ಮಡಿಚುವುದು, ಬಿಚ್ಚುವುದು ಮಾಡುತ್ತ ಕೂತರು. ಆಕೆ ಆಮೇಲೆ ಒಂದು ದಾರಿ ಹೇಳಿದಳು. ಅವರ ಭಾಷೆಯಲ್ಲಿ ಅಣ್ಣನ ಜೊತೆ ಎಂಬ ಎರಡು ಸಣ್ಣ ಪದ ಮುಂದೆ ಇಟ್ಟು ಅದೇ ಎರಡರ ಕ್ರಿಯಾಪದ ಹಾಕಿದರೆ, ನಾನೂ ನನ್ನ ಅಣ್ಣನೂ ನಿರ್ಧರಿಸಿದೆವು ಎಂದೇ ಅರ್ಥ. ಆಡುಮಾತಿನಲ್ಲೂ ಜನ ಹಾಗೆಯೇ ಹೇಳುತ್ತಾರೆ, ಯಾರಿಗೂ ಕೃತಕ ಅನ್ನಿಸುವುದಿಲ್ಲ. ಆದರೆ ಮೂಲದಲ್ಲಿ ಇಲ್ಲದ ಅಣ್ಣನನ್ನು ಲೇಖಕರು ಹೇಳದೆ ತಾನು ತರುವಂತಿಲ್ಲ. ಹಾಗೆಂದು ಕೈಯನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು.

ಇವರು ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ನೋಡುವಂಥದ್ದೇನೂ ಇಲ್ಲ, ಪಕ್ಕದವರ ಕಸದ ಡಬ್ಬಿಗಳು. ಬೆನ್ನು ಹಾಕಿಯೇ ಕನ್ನಡದಲ್ಲಿ ಮಾತಾಡಿದರು.

"ಅಣ್ಣ ಹೋಗಿ ಇಷ್ಟ ವರ್ಷ ಆತು. ಈಗ ಹೆಸರು ತಂದ್ರ ಸತ್ತವರ ಮ್ಯಾಲ ಹಾಕಿದಂಗ ಆಗತೈತಿ."

"ನನ್ನ ಮ್ಯಾಲ ಹಾಕೀರಿ," ಎಂದೆ. "ನಾ ಇನ್ನೂ ಅದೀನಿ."

ಆ ಮಾತು ಸಿಟ್ಟಿನಿಂದ ಬರಲಿಲ್ಲ. ಉಪ್ಪು ಹೆಚ್ಚಾಗಿದೆ ಎನ್ನುವಷ್ಟೇ ಸಪಾಟಾಗಿ ಬಂತು. ಆಕೆಗೆ ಕನ್ನಡ ತಿಳಿಯದು, ಆದರೂ ಪರದೆಯಿಂದ ತಲೆ ಎತ್ತಲಿಲ್ಲ. ಆಮೇಲೆ ಇವರು ತಿರುಗಿ ಬಂದು ಕೂತು, ಕನ್ನಡಕ ಹಾಕಿಕೊಂಡು, ಪೇಷಂಟಿನ ಮನೆಯವರಿಗೆ ವರದಿ ಹೇಳುವ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದರು.

"ಹಾಕಿ. ಅಣ್ಣನ ಜೊತೆ."

ಆಕೆ ಟೈಪ್ ಮಾಡಿದಳು. ಮುಗಿಸಿ ಮುಂದಿನ ಸಾಲಿಗೆ ಹೋದಳು. ಅದರಲ್ಲಿ ನಾವು ಸೆಕೆಂಡ್ ಹ್ಯಾಂಡ್ ಸೋಫಾ ತಂದಿದ್ದೆವು. ಇಬ್ಬರು ಎಂದು ನಾನೇ ಹೇಳಿದೆ.

ಹೋಗುವಾಗ ಅವಳು ಚಕ್ಕುಲಿ ಕಟ್ಟಿಸಿಕೊಂಡು ಹೋದಳು. ಬಾಗಿಲು ಹಾಕಿದ ಮೇಲೆ ಇವರು, ಆವಾಗ ನೀನು ಬೇಡ ಅನ್ನಬಹುದಿತ್ತಲ್ಲ ಎಂದರು. ಕೇಳಿದ್ದರೆ ಅನ್ನುತ್ತಿದ್ದೆ ಎಂದೆ. ಅಂದು ರಾತ್ರಿ ಊಟಕ್ಕೆ ಟೇಬಲ್ಲಿನಿಂದ ಕಾಗದಗಳನ್ನು ತೆಗೆದು ಕೆಳಗಿಟ್ಟರು. ಕ್ಷಮಾಪಣೆಯ ವಿಷಯದಲ್ಲಿ ನಮ್ಮ ಕಡೆಯ ಗಂಡಸರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ದುರಾಸೆ.

ಮರುವರ್ಷ ಪುಸ್ತಕ ಬಂತು. ಚಂದದ ಕಾಗದ, ಮುಖಪುಟದ ಮೇಲೆ ಯಾಕೋ ಒಂದು ಆನೆ. ಇವರು ಎಂದೂ ಆನೆಗೆ ಆಪರೇಷನ್ ಮಾಡಿದವರಲ್ಲ. ಬಂದವರಿಗೆಲ್ಲ ತೋರಿಸಿದರು, ಎಲ್ಲರೂ ತಿರುಗಿಸಿ ತಿರುಗಿಸಿ ನೋಡಿ ಒಂದು ಅಕ್ಷರವೂ ಓದಲಾಗದೆ ಅದ್ಭುತ ಎಂದು ಕೊಟ್ಟರು. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಆ ಅಧ್ಯಾಯ ಹುಡುಕಿದೆ. ಸಾಲುಗಳ ಮೇಲೆ ಬೆರಳಾಡಿಸುತ್ತ ಹೋದರೆ ಒಂದು ಕಡೆ ಬ್ರಾತೊಮ್ ಎಂದಿತ್ತು. ಭ್ರಾತೃ ಎಂದು ಕಲಿತವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾವನವರು ಅಲ್ಲಿದ್ದರು, ತಮ್ಮ ಜಾಗದಲ್ಲಿ.

ಇಂಗ್ಲಿಷ್ ಪುಸ್ತಕ ಮತ್ತೆ ಅಚ್ಚಾಗುವ ಮಾತು ಬಂದಾಗ, ಅಲ್ಲೂ ಆ ಸಾಲು ತಿದ್ದಿಸಿ ಎಂದು ಕೇಳಿದೆ. ಇಂಗ್ಲಿಷಿನಲ್ಲಿ ನಾವು ಎಂದರೆ ತಪ್ಪೇನಿದೆ, ಯಾರು ಎಣಿಸಹೋಗುತ್ತಾರೆ ಎಂದರು. ತಿದ್ದಲಿಲ್ಲ. ಗಡ್ಡವೂ ಹಾಗೇ ಉಳಿಯಿತು. ಕಿಂಗ್ಸ್‌ಬರಿಯಲ್ಲಿ ಈಗಲೂ ಯಾರಾದರೂ ಸಿಕ್ಕರೆ, ನೀವಿಬ್ಬರೂ ಕೂತು ಎಷ್ಟು ದೊಡ್ಡ ನಿರ್ಧಾರ ಮಾಡಿದಿರಿ ಎನ್ನುತ್ತಾರೆ. ನಾನು ಓದಬಲ್ಲ ಭಾಷೆಯಲ್ಲಿ ನಾನು ಒಪ್ಪಿಕೊಂಡೇ ಇದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ ಎಂಬುದು ಗೊತ್ತಿರುವುದು ನಾನು ಎಂದೂ ಕಾಲಿಡದ ಆ ಸಣ್ಣ ದೇಶದ ಕೆಲವು ಜನರಿಗೆ ಮಾತ್ರ.